ಮೂವರು ಬರೆದರೂ ಚಿತ್ರ ಒಂದೇ ಮನೆಯದಾಗಲು

ಫಿಲ್ಟರ್ ಕಾಫಿ ಪುಡಿ ಮಾರುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಅದರ ಜಾಹೀರಾತಿನ ಚಿತ್ರಗಳನ್ನು ಮೂವರು ಎಐ ತಂತ್ರಾಂಶದಿಂದ ಮಾಡಿಸುತ್ತಾರೆ. ಒಬ್ಬರು ಪ್ರಾಂಪ್ಟ್‌ನಲ್ಲಿ, ಅಂದರೆ ತಂತ್ರಾಂಶಕ್ಕೆ ಕೊಡುವ ಸೂಚನೆಯಲ್ಲಿ, 'ಸುಂದರವಾದ ಕಾಫಿ' ಎನ್ನುತ್ತಾರೆ. ಇನ್ನೊಬ್ಬರು 'ಪ್ರೀಮಿಯಂ ಕಾಫಿ' ಎನ್ನುತ್ತಾರೆ. ಬರುವುದು ಬಹುತೇಕ ಪಿಂಗಾಣಿ ಕಪ್ಪು, ಮೇಲೆ ಹಾಲಿನ ನೊರೆಯಲ್ಲಿ ಬಿಡಿಸಿದ ಎಲೆ. ನಮ್ಮ ಸ್ಟೀಲ್ ಲೋಟ ಎಲ್ಲೂ ಕಾಣುವುದಿಲ್ಲ.

ತಂಡಕ್ಕೆಲ್ಲ ಅನ್ವಯಿಸುವ ಒಂದು ಪುಟದ ನಿಯಮಾವಳಿ ಬೇಕಾಗುವುದು ಇಲ್ಲಿಯೇ. ಅದರ ಮೊದಲ ನಿಯಮ: ಕಣ್ಣಿಗೆ ಕಾಣುವುದನ್ನಷ್ಟೇ ಬರೆಯಿರಿ. ಈ ತಂತ್ರಾಂಶಗಳು ಕಲಿತಿರುವುದು ವಿವರಣೆಯೊಂದಿಗೆ ಜೋಡಿಸಿದ ಅಪಾರ ಚಿತ್ರಗಳಿಂದ. 'ಸುಂದರ' ಎಂಬ ಪದ ಮದುಮಗಳ ಚಿತ್ರಕ್ಕೂ ಇರುತ್ತದೆ, ಬೆಟ್ಟದ ಚಿತ್ರಕ್ಕೂ ಇರುತ್ತದೆ. ಅದರಿಂದ ಯಾವ ರೂಪವೂ ಖಚಿತವಾಗುವುದಿಲ್ಲ. ಹೇಳದೆ ಬಿಟ್ಟದ್ದನ್ನು ತಂತ್ರಾಂಶ ತಾನು ಹೆಚ್ಚಾಗಿ ನೋಡಿದ್ದರಿಂದ ತುಂಬಿಕೊಳ್ಳುತ್ತದೆ.

ಎರಡನೆಯದು, ವಾಕ್ಯದಲ್ಲಿ ಯಾವುದು ಬದಲಾಗಬಹುದು, ಯಾವುದು ಬದಲಾಗಬಾರದು ಎಂಬ ಗೆರೆ. ಮಿಡ್‌ಜರ್ನಿ ಬಳಸುವ ತಂಡವಾದರೆ ಪುಟದಲ್ಲಿ ಹೀಗೊಂದು ಅಚ್ಚು ಇರಬಹುದು:

```
[subject], dark wooden table,
soft morning window light,
warm brown and cream palette,
eye-level close-up --ar 4:5 --no text, logo
```

ಆವರಣದೊಳಗಿನ ಜಾಗ ಮಾತ್ರ ಬರೆಯುವವರದು. ಅಲ್ಲಿ ನೊರೆಯುಕ್ಕಿದ ಸ್ಟೀಲ್ ಲೋಟ ಬರಬಹುದು, ಹುರಿದ ಬೀಜದ ಬಟ್ಟಲು ಬರಬಹುದು. ಮೇಜು, ಬೆಳಕು, ಬಣ್ಣ, ನೋಡುವ ಕೋನ ತಂಡದವು. ಚಿತ್ರಗಳಿಗೆ ಮನೆತನದ ಹೋಲಿಕೆ ತರುವುದು ಮುಖ್ಯವಾಗಿ ಬೆಳಕು ಎಂದು ನನ್ನ ನಂಬಿಕೆ. ಒಂದನ್ನೇ ಬಿಗಿಮಾಡಬೇಕೆಂದರೆ ಅದನ್ನೇ ಮಾಡಿ.

ಬೇಡದ್ದನ್ನು ಕೊನೆಯಲ್ಲಿ `--no` ಎಂದು ಬೇರೆಯಾಗಿ ಬರೆದಿರುವುದಕ್ಕೆ ಕಾರಣವಿದೆ. ವಾಕ್ಯದ ನಡುವೆ 'ಅಕ್ಷರ ಬೇಡ' ಎಂದರೆ ತಂತ್ರಾಂಶ ಎಷ್ಟೋ ಸಲ 'ಬೇಡ'ವನ್ನು ಬಿಟ್ಟು 'ಅಕ್ಷರ'ವನ್ನಷ್ಟೇ ಹಿಡಿದುಕೊಳ್ಳುತ್ತದೆ.

ಪದಗಳಿಂದ ಆಗದ ಕೆಲಸವನ್ನೂ ಪುಟ ಹೇಳಬೇಕು. ಬ್ರ್ಯಾಂಡ್‌ನ ನಿಖರ ಕಂದು ಬಣ್ಣ ಪ್ರಾಂಪ್ಟ್‌ನಿಂದ ಸಿಗುತ್ತದೆಂಬ ಭರವಸೆಯಿಲ್ಲ. ಕನ್ನಡ ಅಕ್ಷರಗಳಲ್ಲಿ ಒತ್ತು, ಗುಣಿತ ಸುಲಭವಾಗಿ ಕೆಡುತ್ತವೆ. ಬಣ್ಣ ತಿದ್ದುವುದು, ಹೆಸರು ಮತ್ತು ಲೋಗೊ ಕೂರಿಸುವುದು ಡಿಸೈನರ್‌ ಕೈಯಲ್ಲೇ ಆಗಲಿ.

ಪುಟ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇಬ್ಬರು ಬೇರೆ ಬೇರೆ ಕೂತು, ಒಂದೇ ವಸ್ತುವಿಗೆ ನಾಲ್ಕು ನಾಲ್ಕು ಚಿತ್ರ ಮಾಡಿಸಿ, ಎಂಟನ್ನೂ ಬೆರೆಸಿ ಮೂರನೆಯವರ ಮುಂದಿಡಲಿ. ಯಾವುದು ಯಾರದೆಂದು ಅವರು ಬೇರ್ಪಡಿಸಿಬಿಟ್ಟರೆ ಎಲ್ಲೋ ಒಂದು ಪದ ಸಡಿಲವಾಗಿದೆ. ಆಗ ಒಂದೇ ಪದ ಬದಲಿಸಿ ಮತ್ತೆ ನೋಡಬೇಕು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ತಂತ್ರಾಂಶದ ಆವೃತ್ತಿ ಬದಲಾದರೆ ಅದೇ ಪದಗಳಿಗೆ ಬೇರೆಯೇ ಚಿತ್ರ ಬರುತ್ತದೆ. ಆದ್ದರಿಂದ ಪುಟದ ತಲೆಯಲ್ಲಿ ಆವೃತ್ತಿ ಮತ್ತು ದಿನಾಂಕ ಬರೆದಿಡಿ. ಹೊಸದು ಬಂದ ದಿನ ಈ ಎಂಟು ಚಿತ್ರಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದ ಮೇಲೆಯೇ ತಂಡ ಅದಕ್ಕೆ ಬದಲಾಗಲಿ.