ಉಸಿರು ಕಟ್ಟಿದರೆ ಬಾಯಾರುವ ಹುಳ

ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಡಿಸೆಂಬರ್‌, ಜನವರಿಯ ಹೊತ್ತಿಗೆ ಮುಗಿಯುತ್ತದೆ. ತೂರಿ, ಕೇರಿ, ಬಿಸಿಲಿಗೆ ಹರವಿ ಗೋಣಿಚೀಲಕ್ಕೆ ತುಂಬುವಾಗ ಕಾಳು ಹೊಳೆಯುತ್ತಿರುತ್ತದೆ, ಒಂದು ಹುಳವೂ ಕಣ್ಣಿಗೆ ಬೀಳುವುದಿಲ್ಲ. ಮುಂಗಾರು ಹಿಡಿಯುವಾಗ ಅದೇ ಚೀಲ ಬಿಚ್ಚಿದರೆ ಕಾಳಿನ ತುಂಬ ದುಂಡನೆಯ ತೂತುಗಳು, ತಳದಲ್ಲಿ ಹಿಟ್ಟು, ಅಂಚಿನಲ್ಲಿ ಹರಿದಾಡುವ ಕಂದು ಬಣ್ಣದ ಪುಟ್ಟ ದುಂಬಿಗಳು. ಕಾಳಿಗೆ ಕುಟ್ಟೆ ಹಿಡಿಯಿತು ಎಂದು ಮನೆಯವರು ಗೋಣಿಯನ್ನೋ ಕೋಣೆಯನ್ನೋ ದೂರುತ್ತಾರೆ. ಆದರೆ ಹುಳ ಬಂದದ್ದು ಬಹುಮಟ್ಟಿಗೆ ಹೊಲದಿಂದಲೇ.

ಕ್ಯಾಲೊಸೊಬ್ರೂಕಸ್ ಕುಲದ ಈ ದುಂಬಿ ಒಣಗುತ್ತಿರುವ ತೊಗರಿ ಕಾಯಿಯ ಮೇಲೆಯೇ ಮೊಟ್ಟೆ ಇಡಬಲ್ಲದು. ರಾಶಿಯಾದ ಮೇಲೆ ಕಾಳಿನ ಮೈಗೇ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆಯೊಡೆದ ಮರಿ ಹೊರಗೆ ತಲೆ ಹಾಕುವುದಿಲ್ಲ. ಮೊಟ್ಟೆ ಅಂಟಿದ ಜಾಗದಲ್ಲೇ ನೇರವಾಗಿ ಕಾಳಿನೊಳಗೆ ಕೊರೆದು ಇಳಿಯುತ್ತದೆ, ಕೊರೆದ ಪುಡಿಯನ್ನು ಖಾಲಿಯಾದ ಮೊಟ್ಟೆಯ ಚಿಪ್ಪಿಗೆ ತುಂಬುತ್ತದೆ. ಅದಕ್ಕೇ ಮೊದಲು ತಿಳಿಯಾಗಿದ್ದ ಮೊಟ್ಟೆ ಬೆಳ್ಳಗೆ ಎದ್ದು ಕಾಣುತ್ತದೆ. ಒಳಗೆ ತಿಂದು ಬೆಳೆದು ಕೋಶವಾಗುವ ಮುನ್ನ ಕಾಳಿನ ಸಿಪ್ಪೆಯನ್ನು ಒಂದೆಡೆ ತೆಳ್ಳಗೆ ಮಾಡಿಟ್ಟಿರುತ್ತದೆ. ಹೊರಗಿನಿಂದ ಅದು ಮಬ್ಬಾದ ದುಂಡು ಮಚ್ಚೆಯಂತೆ ತೋರುತ್ತದೆ. ಚೀಲ ಕಟ್ಟುವ ಮೊದಲು ಒಂದು ಹಿಡಿ ಕಾಳನ್ನು ಬಿಳಿ ಕಾಗದದ ಮೇಲೆ ಹರಡಿ ಹುಡುಕಬೇಕಾದದ್ದು ತೂತನ್ನಲ್ಲ, ಈ ಬಿಳಿ ಚುಕ್ಕೆಯನ್ನು ಮತ್ತು ಈ ಮಚ್ಚೆಯನ್ನು. ತೂತು ಕಂಡಿತೆಂದರೆ ಒಂದು ತಲೆಮಾರು ಆಗಲೇ ಹೊರಬಿದ್ದಿದೆ.

ಲೆಕ್ಕ ಹಾಕಿದರೆ ಅಪಾಯದ ವೇಗ ತಿಳಿಯುತ್ತದೆ. ಒಂದು ಹೆಣ್ಣು ಸುಮಾರು 80 ಮೊಟ್ಟೆ ಇಡುತ್ತದೆ, ಅದರಲ್ಲಿ ಅರ್ಧ ಮಾತ್ರ ಬದುಕುತ್ತದೆ, ಬದುಕಿದ್ದರಲ್ಲಿ ಅರ್ಧ ಹೆಣ್ಣು ಎಂದಿಟ್ಟುಕೊಳ್ಳೋಣ. ಸೆಕೆಗಾಲದಲ್ಲಿ ಒಂದು ತಲೆಮಾರಿಗೆ ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಮೊದಲ ತಿಂಗಳಿಗೆ 40 ದುಂಬಿ, ಎರಡನೆಯದಕ್ಕೆ 800, ಮೂರನೆಯದಕ್ಕೆ 16,000. ನೂರು ತೊಗರಿ ಕಾಳು ಸುಮಾರು 10 ಗ್ರಾಂ ತೂಗುತ್ತವೆ. ಒಂದು ದುಂಬಿಗೆ ಒಂದು ಕಾಳೆಂದರೂ ಮೂರನೆಯ ತಲೆಮಾರು ಕೆಡಿಸಿದ್ದು ಒಂದೂವರೆ ಕಿಲೋ ಚಿಲ್ಲರೆ. ಕ್ವಿಂಟಲ್‌ ಚೀಲದಲ್ಲಿ ಅದು ಯಾರ ಗಮನಕ್ಕೂ ಬಾರದು. ನಾಲ್ಕನೆಯ ತಲೆಮಾರು 3,20,000, ಅಂದರೆ 32 ಕಿಲೋ! ಇಕ್ಕಟ್ಟು, ಪರಾವಲಂಬಿ ಕಣಜದ ಹುಳು ಮುಂತಾದ ಕಾರಣಗಳಿಂದ ನಿಜದಲ್ಲಿ ಸಂಖ್ಯೆ ಇಷ್ಟು ನೇರವಾಗಿ ಏರುವುದಿಲ್ಲ. ಆದರೂ ಮೂರು ತಿಂಗಳು ಸುಮ್ಮನಿದ್ದ ಚೀಲ ನಾಲ್ಕನೆಯ ತಿಂಗಳಲ್ಲಿ ಏಕಾಏಕಿ ಹಾಳಾದಂತೆ ಕಾಣುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ‘ಚೆನ್ನಾಗಿ ಒಣಗಿಸಿ’ ಎಂಬುದು. ಸಲಹೆ ಸರಿಯೇ, ಆದರೆ ಎಷ್ಟು ಒಣಗಿಸಬೇಕೆಂಬುದನ್ನು ಹಲ್ಲಿನಿಂದ ಕಡಿದು ನೋಡಿ ಹೇಳುವುದು ಕಷ್ಟ. ಪ್ರಯೋಗಾಲಯದಲ್ಲಿ ಪುಡಿ ಮಾಡಿದ 10 ಗ್ರಾಂ ಕಾಳನ್ನು ಒಲೆಪೆಟ್ಟಿಗೆಯಲ್ಲಿ ಒಣಗಿಸಿ ಮತ್ತೆ ತೂಗುತ್ತಾರೆ. ತೂಕ 8.6 ಗ್ರಾಂಗೆ ಇಳಿದರೆ ತೇವಾಂಶ ಶೇ 14. ಬೆಂಬಲ ಬೆಲೆಯ ಖರೀದಿಗೆ ಶೇ 12ರವರೆಗಿನ ತೊಗರಿ ನಡೆಯುತ್ತದೆ. ಮಳೆಗಾಲ ದಾಟಿಸಿ ಇಡುವುದಾದರೆ ಶೇ 10ಕ್ಕಿಂತ ಕೆಳಗಿಳಿಸುವುದು ಒಳ್ಳೆಯದು.

ಇಲ್ಲೊಂದು ಲೆಕ್ಕ ವಿದ್ಯಾರ್ಥಿಗಳನ್ನು ಆಗಾಗ ತಪ್ಪಿಸುತ್ತದೆ. ಶೇ 14 ತೇವವಿರುವ 100 ಕಿಲೋ ತೊಗರಿಯನ್ನು ಶೇ 10ಕ್ಕೆ ಇಳಿಸಿದರೆ ಹೋಗುವ ನೀರು 4 ಕಿಲೋ ಅಲ್ಲ. ನೀರು ಬಿಟ್ಟರೆ ಉಳಿದ ಒಣ ಭಾಗ 86 ಕಿಲೋ, ಅದು ಬದಲಾಗುವುದಿಲ್ಲ. ಒಣಗಿದ ಮೇಲೆ ಈ 86 ಕಿಲೋ ಒಟ್ಟು ತೂಕದ ಶೇ 90 ಆಗಬೇಕು. 86ನ್ನು 0.90ರಿಂದ ಭಾಗಿಸಿದರೆ 95.6 ಕಿಲೋ. ಕಣದಲ್ಲಿ ಹಾರಿಹೋದದ್ದು ಸುಮಾರು 4.4 ಕಿಲೋ. ರೈತ ಈ ತೂಕವನ್ನು ಕಳೆದುಕೊಳ್ಳಲು ಹಿಂಜರಿಯುವುದು ಸಹಜ, ಅದಕ್ಕೆ ಬೆಲೆ ಸಿಗಬೇಕಾದದ್ದೂ ನ್ಯಾಯ.

ಇಷ್ಟಾದರೂ ತೊಗರಿ ಹುಳ ಸಾಯುವುದಿಲ್ಲ. ಹತ್ತಕ್ಕಿಂತ ಕಡಿಮೆ ತೇವದಲ್ಲಿ ಅಕ್ಕಿಯ ಮೂತಿಹುಳ ಸೊರಗುತ್ತದೆ, ಬೂಷ್ಟು ಬೆಳೆಯುವುದಿಲ್ಲ. ಈ ದುಂಬಿಯ ಮರಿ ಮಾತ್ರ ಒಣಕಾಳಿನೊಳಗೆ, ಹನಿ ನೀರು ಕುಡಿಯದೆ ದಪ್ಪಗಾಗುತ್ತದೆ. ನೀರು ಎಲ್ಲಿಂದ ಬಂತು?

ಅದು ನೀರನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ತಿಂದ ಪಿಷ್ಟವನ್ನು ಆಮ್ಲಜನಕದೊಂದಿಗೆ ಉರಿಸಿದಾಗ ಇಂಗಾಲದ ಡೈಆಕ್ಸೈಡ್, ಶಾಖ ಮತ್ತು ನೀರು ಹುಟ್ಟುತ್ತವೆ. 10 ಗ್ರಾಂ ಪಿಷ್ಟ ಪೂರ್ತಿ ಉರಿದರೆ ಐದೂವರೆ ಗ್ರಾಂ ನೀರು. ಹುಳದ ಈ ಗುಟ್ಟಿನಿಂದ ಗೋಣಿಚೀಲಕ್ಕೆ ಎರಡನೆಯ ಪೆಟ್ಟೂ ಬೀಳುತ್ತದೆ. ಸಾವಿರಾರು ಹುಳ ಉಸಿರಾಡುವ ಕಡೆ ಕಾಳು ಬಿಸಿಯಾಗುತ್ತದೆ, ಆವಿ ಎದ್ದು ಪಕ್ಕದ ತಣ್ಣನೆಯ ಕಾಳಿನಲ್ಲಿ ತಂಗುತ್ತದೆ, ಒಣಗಿಸಿಟ್ಟ ರಾಶಿಯಲ್ಲಿ ತೇವದ ಗಡ್ಡೆ ಕಟ್ಟುತ್ತದೆ. ಚೀಲದ ನಡುವೆ ಕೈಯಿಟ್ಟಾಗ ಬೆಚ್ಚಗೆ ತಗುಲಿ, ಮುಗ್ಗಲು ವಾಸನೆ ಬಂದರೆ ಬೂಷ್ಟು ಹಿಡಿಯಲು ಶುರುವಾಗಿದೆ. ಮಳೆಗಾಲದ ಗಾಳಿಯ ತೇವವನ್ನು ಗೋಣಿ ತಡೆಯುವುದಿಲ್ಲವಾದ್ದರಿಂದ ಕಷ್ಟ ಇನ್ನಷ್ಟು ಹೆಚ್ಚುತ್ತದೆ.

ಹಾಗಾದರೆ ಆ ಆಮ್ಲಜನಕವನ್ನೇ ತಪ್ಪಿಸಿದರೆ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಸಂಗಡಿಗರು ಆಫ್ರಿಕದ ಅಲಸಂದೆ ಬೆಳೆಗಾರರಿಗಾಗಿ ಮೂರು ಪದರದ ಚೀಲವೊಂದನ್ನು ರೂಪಿಸಿದ್ದರು: ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಗಟ್ಟಿ ಚೀಲ. ತುಂಬಿ, ಗಾಳಿ ಒತ್ತಿ ತೆಗೆದು, ಒಂದೊಂದರ ಬಾಯಿಯನ್ನೂ ತಿರುಚಿ ಬೇರೆಬೇರೆಯಾಗಿ ಕಟ್ಟಿದರೆ ಒಳಗಿನ ಹುಳಗಳೇ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಹುಳ ಉಸಿರುಗಟ್ಟಿ ಸಾಯುತ್ತದೆ ಎಂದುಕೊಳ್ಳುವುದು ಸುಲಭ. ಆದರೆ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಬೇರೆ: ಆಮ್ಲಜನಕ ಕಡಿಮೆಯಾದಾಗ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ, ನೀರು ತಯಾರಿಸಲಾಗದೆ ಮೆಲ್ಲನೆ ಒಣಗಿ ಸಾಯುತ್ತದೆ. ಕಾಳು ಒಣಗಿರಬೇಕೆಂಬ ಷರತ್ತಿಗೆ ಇದರಿಂದ ಹೊಸ ಅರ್ಥವೇ ಬಂತು. ಒಣಗಿದಷ್ಟೂ ಕಾಳಿನಿಂದ ಹುಳಕ್ಕೆ ದಕ್ಕುವ ನೀರು ಕಡಿಮೆ.

ಉತ್ತರ ಕರ್ನಾಟಕದ ಹಗೇವುಗಳಲ್ಲಿ ಜೋಳ ಉಳಿಯುತ್ತಿದ್ದದ್ದೂ ಬಹುಪಾಲು ಇದೇ ತತ್ವದಿಂದ. ನೆಲದೊಳಗಿನ ಹಳ್ಳಕ್ಕೆ ಹುಲ್ಲಿನ ಪದರ ಕೊಟ್ಟು, ಕಾಳು ತುಂಬಿ, ಬಾಯಿಗೆ ಮಣ್ಣು ಮುಚ್ಚಿದರೆ ಒಳಗಿನ ಗಾಳಿ ಬೇಗ ಕೆಡುತ್ತಿತ್ತು. ಬಾಯಿ ತೆಗೆದೊಡನೆ ಒಳಗಿಳಿದವರು ಪ್ರಾಣ ಕಳೆದುಕೊಳ್ಳುವ ಅಪಾಯ ಇರುತ್ತಿದ್ದದ್ದೂ ಅದೇ ಗಾಳಿಯಿಂದ.

ಬಿಗಿಯಾಗಿ ಮುಚ್ಚುವ ವಿಧಾನಕ್ಕೂ ಮಿತಿಗಳಿವೆ. ಮುಚ್ಚಿದ ಚೀಲ ಕಾಳನ್ನು ಒಣಗಿಸುವುದಿಲ್ಲ; ಶೇ 14ರ ತೊಗರಿ ಒಳಗೆ ಹೋದರೆ ಆ ನೀರು ಅಲ್ಲೇ ಉಳಿಯುತ್ತದೆ, ಬಿತ್ತನೆ ಕಾಳಾದರೆ ಮೊಳಕೆಯ ಶಕ್ತಿ ಕುಂದುತ್ತದೆ. ಅರ್ಧ ತುಂಬಿದ ಚೀಲದಲ್ಲಿ ಗಾಳಿ ಹೆಚ್ಚು, ಹುಳಕ್ಕೆ ತಿನ್ನಲು ಹೆಚ್ಚು ದಿನ ಸಿಗುತ್ತದೆ. ಇಲಿ ಒಂದು ಮೂಲೆ ಕಡಿದರೆ, ತೊಗರಿಯ ಕಡ್ಡಿ ಚುಚ್ಚಿ ಎರಡು ಪದರವೂ ಹರಿದರೆ, ಅಥವಾ ವಾರಕ್ಕೊಮ್ಮೆ ಅಡುಗೆಗೆಂದು ಬಾಯಿ ಬಿಚ್ಚಿದರೆ ಆಮ್ಲಜನಕ ಮತ್ತೆ ಒಳಗೆ ಬರುತ್ತದೆ. ಆದ್ದರಿಂದ ಅನುಭವಸ್ಥರು ಮನೆಖರ್ಚಿನ ತೊಗರಿಯನ್ನು ಬೇಗ ಬೇಳೆ ಮಾಡಿಸಿ ಬೇರೆ ಡಬ್ಬಿಯಲ್ಲಿ ಇಡುತ್ತಾರೆ. ಒಡೆದ ಬೇಳೆಗಿಂತ ಸಿಪ್ಪೆಯಿರುವ ದುಂಡು ಕಾಳೇ ಈ ದುಂಬಿಗೆ ಮೊಟ್ಟೆಯಿಡಲು ಇಷ್ಟ. ಬಿತ್ತನೆಗೂ ಮಾರಾಟಕ್ಕೂ ಇಟ್ಟ ಚೀಲಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಇರಿಸಿ, ಬೇಕಾದ ದಿನದವರೆಗೆ ಬಿಚ್ಚದೆ ಬಿಡುತ್ತಾರೆ.