ಹಿಂದುಮುಂದಾದ ಕನ್ವರ್ಟರ್

ಅಕ್ಕನ ಮಗ ಎಸ್.ಪಿ. ರಸ್ತೆಯಿಂದ ಸೆಕೆಂಡ್‌ಹ್ಯಾಂಡ್ ಗೇಮಿಂಗ್ ಮಾನಿಟರ್ ಒಂದನ್ನು ತಂದ. ಒಳ್ಳೆಯ ಪರದೆ, ಗೀರೂ ಇಲ್ಲ. ಆದರೆ ಹಿಂದೆ ತಿರುಗಿಸಿ ನೋಡಿದರೆ ಚಿತ್ರಕ್ಕೆ ಇದ್ದದ್ದು ಒಂದೇ ಕಿಂಡಿ, ಅದು ಡಿಸ್‌ಪ್ಲೇಪೋರ್ಟ್. ಅವನ ಪ್ಲೇಸ್ಟೇಷನ್ 5ರಲ್ಲಿ ಇರುವುದು ಎಚ್‌ಡಿಎಂಐ ಮಾತ್ರ. ಅಂಗಡಿಯವರು ಹೆಬ್ಬೆರಳಿನಷ್ಟಿದ್ದ ಕನ್ವರ್ಟರ್ ಒಂದನ್ನು ಕೊಟ್ಟು ಕಳಿಸಿದ್ದರು. ರಾತ್ರಿ ಫೋನ್ ಬಂತು: "ಮಾಮಾ, ಎರಡೂ ಕಡೆ ಸರಿಯಾಗಿ ಕೂತಿದೆ, ಆದ್ರೂ ಚಿತ್ರವೇ ಬರ್ತಿಲ್ಲ. ಟೀವಿಗೆ ಹಾಕಿದ್ರೆ ಬರುತ್ತೆ."

ಮಾನಿಟರೂ ಕೆಟ್ಟಿರಲಿಲ್ಲ, ಕನ್ಸೋಲೂ ಕೆಟ್ಟಿರಲಿಲ್ಲ. ಕನ್ವರ್ಟರ್ ಕೂಡ ಸರಿಯಾಗಿಯೇ ಇತ್ತು. ಅದನ್ನು ಮಾಡಿದ್ದು ಎದುರು ದಿಕ್ಕಿನ ಕೆಲಸಕ್ಕೆ, ಅಷ್ಟೇ.

ಇಂಥ ಮಾನಿಟರ್‌ಗಳು ಅಪರೂಪವೇನಲ್ಲ. ಏಸಸ್ 2014ರಲ್ಲಿ ಬಿಡುಗಡೆ ಮಾಡಿದ 27 ಇಂಚಿನ ಪಿಜಿ278ಕ್ಯೂನಲ್ಲೂ ಡಿಸ್‌ಪ್ಲೇಪೋರ್ಟ್ ಒಂದೇ. ಆಗ ಅವನ್ನು ಕಂಪ್ಯೂಟರ್‌ಗೆಂದೇ ಮಾಡಿದ್ದರು. ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡ್‌ನಿಂದ ಟೀವಿಗೆ ಹೋಗಲು ಚಿಕ್ಕ ಕನ್ವರ್ಟರ್ ಸಾಕಾಗುತ್ತದೆ, ಏಕೆಂದರೆ ನಿಜವಾದ ಕೆಲಸ ಮಾಡುವುದು ಕಾರ್ಡೇ. ಕನ್ವರ್ಟರ್ ಸಿಕ್ಕಿಸಿದ್ದು ಒಂದು ಪಿನ್ನಿನ ಮೂಲಕ ಅದಕ್ಕೆ ಗೊತ್ತಾಗುತ್ತದೆ. ಕೂಡಲೇ ಅದು ಡಿಸ್‌ಪ್ಲೇಪೋರ್ಟ್ ಭಾಷೆ ಬಿಟ್ಟು ಎಚ್‌ಡಿಎಂಐ ಭಾಷೆಯಲ್ಲೇ ಸಿಗ್ನಲ್ ಕಳಿಸಲು ಶುರುಮಾಡುತ್ತದೆ. ಕನ್ವರ್ಟರ್ ವೋಲ್ಟೇಜ್ ಹೊಂದಿಸಿ ಮುಂದೆ ಸಾಗಿಸುತ್ತದೆ. ಇದನ್ನೇ ಪ್ಯಾಸಿವ್ ಕನ್ವರ್ಟರ್ ಅನ್ನುವುದು. ಕನ್ಸೋಲ್‌ಗೆ ಈ ಎರಡನೇ ಭಾಷೆ ಬರುವುದಿಲ್ಲ, ಮಾನಿಟರ್‌ನ ಕಿಂಡಿಗೂ ಎಚ್‌ಡಿಎಂಐ ತಿಳಿಯುವುದಿಲ್ಲ.

ಎರಡೂ ಭಾಷೆಗಳು ಎಷ್ಟು ಬೇರೆ ಎಂಬುದು ಒಂದು ಲೆಕ್ಕದಲ್ಲಿ ಕಾಣುತ್ತದೆ. ಸೆಕೆಂಡಿಗೆ 60 ಚಿತ್ರಗಳ 1080ಪಿ ಕಳಿಸುವಾಗ ಎಚ್‌ಡಿಎಂಐ ಮೂರು ಜೋಡಿ ತಂತಿಗಳಲ್ಲಿ, ಪ್ರತಿಯೊಂದರಲ್ಲೂ ಸೆಕೆಂಡಿಗೆ 1.485 ಗಿಗಾಬಿಟ್ ಓಡಿಸುತ್ತದೆ. ಚಿತ್ರ ದೊಡ್ಡದಾದರೆ ವೇಗವೂ ಏರುತ್ತದೆ. ತಾಳಕ್ಕೆ ನಾಲ್ಕನೇ ಜೋಡಿ ಇರುತ್ತದೆ. ಆ ಮಾನಿಟರ್‌ನಲ್ಲಿರುವ ಡಿಸ್‌ಪ್ಲೇಪೋರ್ಟ್ 1.2ಕ್ಕೆ ಗೊತ್ತಿರುವ ವೇಗಗಳು ಮೂರೇ: 1.62, 2.7 ಮತ್ತು 5.4 ಗಿಗಾಬಿಟ್. ಚಿತ್ರ ಚಿಕ್ಕದಾಗಲಿ, ದೊಡ್ಡದಾಗಲಿ, ಅದು ಈ ವೇಗಗಳಲ್ಲೊಂದರಲ್ಲೇ ಪ್ಯಾಕೆಟ್ಟುಗಳಾಗಿ ಹೋಗಬೇಕು. ಅದಕ್ಕೂ ಮೊದಲು ಕಳಿಸುವವನೂ ಪಡೆಯುವವನೂ ಬೇರೊಂದು ತಂತಿಯಲ್ಲಿ ಮಾತಾಡಿಕೊಂಡು ವೇಗ ಒಪ್ಪಿಕೊಳ್ಳಬೇಕು. 1.485 ಎಂಬ ವೇಗ ಆ ಪಟ್ಟಿಯಲ್ಲೇ ಇಲ್ಲ. ತಂತಿಗೆ ತಂತಿ ಸೇರಿಸಿ ಇದನ್ನು ಸರಿಪಡಿಸಲು ಸಾಧ್ಯವಿಲ್ಲ. ಚಿತ್ರವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ ಚಿಪ್ ನಡುವೆ ಇರಲೇಬೇಕು.

ಅಂಥ ಚಿಪ್ ಇರುವುದೇ ಆ್ಯಕ್ಟಿವ್ ಕನ್ವರ್ಟರ್. ಕೊಳ್ಳುವಾಗ ಡಬ್ಬಿಯ ಮೇಲೆ ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟ್‌ಗೆ ಎಂದು ಇದೆಯೇ ನೋಡಿ. ಅಂಗಡಿಗಳಲ್ಲಿ ಇದರ ಉಲ್ಟಾ ಮಾಲೇ ಹೆಚ್ಚು. ಇನ್ನೊಂದು ಗುರುತು, ಬಾಲದಂತೆ ನೇತಾಡುವ ಯುಎಸ್‌ಬಿ ವೈರು. ಎಚ್‌ಡಿಎಂಐ ಕಿಂಡಿ ಖಾತ್ರಿಯಾಗಿ ಕೊಡುವ ಕರೆಂಟು 5 ವೋಲ್ಟಿನಲ್ಲಿ 55 ಮಿಲಿಆ್ಯಂಪ್ ಮಾತ್ರ, ಅದು ಚಿಪ್‌ಗೆ ಸಾಲದು. ಈ ವೈರನ್ನು ಸಿಕ್ಕಿಸದೆ ಬಿಟ್ಟರೂ ಪರದೆ ಕಪ್ಪಾಗಿಯೇ ಇರುತ್ತದೆ. ಆಡುತ್ತಿರುವಾಗ ಚಿತ್ರ ಆಗಾಗ ಮಾಯವಾಗಿ ಮರಳುತ್ತಿದ್ದರೆ ನಾನು ಮೊದಲು ಯುಎಸ್‌ಬಿಯನ್ನು ಬೇರೆ ಚಾರ್ಜರ್‌ಗೆ ಹಾಕಿ ನೋಡುತ್ತೇನೆ.

ನಮ್ಮ ಹುಡುಗ ಅಂಥದ್ದೊಂದನ್ನು ತಂದ ಮೇಲೆ ಚಿತ್ರ ಬಂತು. ಅವನ ಪರದೆ 2560×1440 ಚುಕ್ಕಿಗಳದ್ದು. ಕನ್ಸೋಲ್‌ನ Screen and Video ಪುಟದಲ್ಲಿ Test 1440p Output ಒತ್ತಿ, Resolution ಅನ್ನು 1440p ಮಾಡಿದೆವು. ಈ ಸೌಲಭ್ಯ ಪ್ಲೇಸ್ಟೇಷನ್ 5ಕ್ಕೆ ಬಂದದ್ದು 2022ರಲ್ಲಿ. ಹಳೆಯ ಜಿ-ಸಿಂಕ್ ಮಾನಿಟರ್‌ಗಳಲ್ಲಿ ಚಿಕ್ಕ ಚಿತ್ರವನ್ನು ಪರದೆ ತುಂಬ ಹಿಗ್ಗಿಸುವ ಸ್ಕೇಲರ್ ಇರಲಿಲ್ಲ, ಆ ಕೆಲಸ ಗ್ರಾಫಿಕ್ಸ್ ಕಾರ್ಡ್‌ನದ್ದಾಗಿತ್ತು. ಆದ್ದರಿಂದ ಪರದೆಯ ಸ್ವಂತ ಅಳತೆಯನ್ನೇ ಕಳಿಸುವುದು ಕ್ಷೇಮ.

ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳಿಗೆ ಎಚ್‌ಡಿಸಿಪಿ ಎಂಬ ನಕಲು ತಡೆಯ ಬೀಗ ಬೇಕು. ಕನ್ವರ್ಟರ್ ಆಗಲಿ ಮಾನಿಟರ್ ಆಗಲಿ ಅದಕ್ಕೆ ಒಪ್ಪದಿದ್ದರೆ ಪರದೆ ಮತ್ತೆ ಕಪ್ಪು. Settings ಒಳಗೆ Enable HDCP ಆಫ್ ಮಾಡಿ ನೋಡಿ: ಆಟ ಬಂದರೆ ತೊಂದರೆ ಅಲ್ಲೇ ಇತ್ತೆಂದು ಖಚಿತ, ಆದರೆ ಸಿನಿಮಾ ಆ್ಯಪ್‌ಗಳು ಓಡುವುದಿಲ್ಲ.

ಕನ್ವರ್ಟರ್ ಎಷ್ಟೇ ಚೆನ್ನಾಗಿದ್ದರೂ ಮಾನಿಟರ್‌ನ ಜಿ-ಸಿಂಕ್ ಕನ್ಸೋಲ್ ಜೊತೆ ಕೆಲಸ ಮಾಡುವುದಿಲ್ಲ. 144 ಹರ್ಟ್ಸ್ ಪರದೆ ಇದ್ದರೂ ಅವನಿಗೆ ಸಿಕ್ಕಿದ್ದು 60. ಮಾನಿಟರ್‌ನಲ್ಲಿ ಸ್ಪೀಕರ್ ಇಲ್ಲದ್ದರಿಂದ ಇಯರ್‌ಫೋನನ್ನು ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೇ ಸಿಕ್ಕಿಸಿಕೊಂಡು ಆಡುತ್ತಿದ್ದಾನೆ.