ಏಳೂವರೆ ಸಾವಿರದ ಗೆರೆ ಮತ್ತು ಹೋಟೆಲ್ ಬಿಲ್

ಮಡಿಕೇರಿಗೆ ಮೂರು ರಾತ್ರಿಯ ಪ್ರವಾಸ ಹೊರಟ ಒಂದು ಕುಟುಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಜೊತೆಗೆ ಹನ್ನೆರಡು ವರ್ಷದ ಮಗ. ರೂಮಿನ ಬಾಡಿಗೆ ದಿನಕ್ಕೆ 7,200 ರೂಪಾಯಿ. ಮಗನಿಗೆ ಎಕ್ಸ್‌ಟ್ರಾ ಬೆಡ್ ಬೇಕು, ಅದಕ್ಕೆ ದಿನಕ್ಕೆ 1,200. ಎರಡು ತಿಂಗಳ ಮುಂಚೆಯೇ ಬುಕ್ ಮಾಡಿದ್ದರಿಂದ ರೂಮಿನ ಬಾಡಿಗೆಯಲ್ಲಿ ಶೇ. 15 ರಿಯಾಯಿತಿ. ಕೊನೆಗೆ ಎಷ್ಟು ಕಟ್ಟಬೇಕಾಗುತ್ತದೆ?

ಉತ್ತರ ಹೇಳುವ ಮೊದಲು ತೆರಿಗೆಯ ಗೆರೆ ಎಲ್ಲಿದೆ ಎಂದು ತಿಳಿದಿರಬೇಕು. 2025ರ ಸೆಪ್ಟೆಂಬರ್ 22ರಿಂದ, ಒಂದು ರೂಮಿಗೆ ಒಂದು ದಿನಕ್ಕೆ ವಿಧಿಸುವ ಮೊತ್ತ 7,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇ. 5. ಅದನ್ನು ದಾಟಿದರೆ ಶೇ. 18. ಅದಕ್ಕೂ ಮೊದಲು ಗೆರೆಯ ಕೆಳಗೆ ಶೇ. 12 ಇತ್ತು, ಹಾಗಾಗಿ ಗೆರೆ ದಾಟಿದರೆ ಬೀಳುವ ಏಟು ಇಷ್ಟು ಜೋರಾಗಿರಲಿಲ್ಲ. ಇನ್ನೊಂದು ಮಾತು. ದಾಟಿದ ಭಾಗಕ್ಕೆ ಮಾತ್ರ ಹೆಚ್ಚು ತೆರಿಗೆ ಎಂಬ ಲೆಕ್ಕ ಇಲ್ಲಿಲ್ಲ, ಇಡೀ ಮೊತ್ತಕ್ಕೇ ಶೇ. 18 ಬೀಳುತ್ತದೆ. 7,500 ರೂಪಾಯಿಗೆ ತೆರಿಗೆ 375. ಒಂದೇ ರೂಪಾಯಿ ಹೆಚ್ಚಾಗಿ 7,501 ಆಯಿತೆಂದರೆ ತೆರಿಗೆ 1,350.

ನಮ್ಮ ಕುಟುಂಬಕ್ಕೆ ಬರೋಣ. 7,200ರಲ್ಲಿ ಶೇ. 15 ಎಂದರೆ 1,080. ಅದನ್ನು ಕಳೆದರೆ ಬಾಡಿಗೆ 6,120. ಬೆಡ್ಡಿನ 1,200 ಸೇರಿಸಿದರೆ 7,320. ಗೆರೆಯ ಒಳಗೇ ಉಳಿಯಿತು. ಶೇ. 5ರಂತೆ 366 ರೂಪಾಯಿ ತೆರಿಗೆ ಸೇರಿ ದಿನಕ್ಕೆ 7,686, ಮೂರು ರಾತ್ರಿಗೆ 23,058. ರಿಯಾಯಿತಿ ಇಲ್ಲದೆ ಹೋಗಿದ್ದರೆ ದಿನದ ಮೊತ್ತ 8,400 ಆಗಿ, ಶೇ. 18 ತೆರಿಗೆ ಸೇರಿ ಮೂರು ರಾತ್ರಿಗೆ 29,736 ಆಗುತ್ತಿತ್ತು. ಹೋಟೆಲಿನವರು ಬಿಟ್ಟುಕೊಟ್ಟದ್ದು 3,240 ರೂಪಾಯಿ, ಮನೆಯವರಿಗೆ ಉಳಿದದ್ದು 6,678. ಅರ್ಧಕ್ಕಿಂತ ಹೆಚ್ಚಿನ ಉಳಿತಾಯ ತೆರಿಗೆಯಿಂದಲೇ ಬಂತು.

ಈ ಲಾಭ ಸಿಗಬೇಕಾದರೆ ರಿಯಾಯಿತಿಯನ್ನು ತೆರಿಗೆ ಹಾಕುವ ಮುಂಚೆ ಕಳೆದಿರಬೇಕು, ಬಿಲ್ಲಿನಲ್ಲೇ ಕಾಣಿಸಿರಬೇಕು. ಕೆಲವು ಕಡೆ 8,400ಕ್ಕೆ ಶೇ. 18 ಹಾಕಿ, ಬಂದ 9,912ರಿಂದ 1,080 ಕಳೆಯುತ್ತಾರೆ. ಆಗ ದಿನಕ್ಕೆ 8,832 ಆಗುತ್ತದೆ. ಹೋಟೆಲೇ ಕೊಟ್ಟ ರಿಯಾಯಿತಿಯಾದರೆ ಇದು ತಪ್ಪು ಲೆಕ್ಕ, ಕೌಂಟರಿನಲ್ಲೇ ಕೇಳಿ ಸರಿಪಡಿಸಿಕೊಳ್ಳಬೇಕು. ಆದರೆ ಬ್ಯಾಂಕ್ ಕಾರ್ಡಿನ ಕ್ಯಾಶ್‌ಬ್ಯಾಕ್ ವಿಷಯ ಬೇರೆ. ಅಲ್ಲಿ ಹೋಟೆಲಿಗೆ ಪೂರ್ತಿ ಹಣ ಸಲ್ಲುತ್ತದೆ, ನಿಮ್ಮ ಪಾಲಿನ ಒಂದಿಷ್ಟನ್ನು ಬ್ಯಾಂಕ್ ಭರಿಸುತ್ತದೆ. ಹಾಗಾಗಿ ತೆರಿಗೆಯೂ ಪೂರ್ತಿ ಮೊತ್ತಕ್ಕೇ ಬೀಳುತ್ತದೆ.

ಹೆಚ್ಚು ಜನ ಎಡವುವುದು ಎಕ್ಸ್‌ಟ್ರಾ ಬೆಡ್ಡಿನಲ್ಲಿ. ಬುಕ್ ಮಾಡುವಾಗ ಇಬ್ಬರೆಂದು ನಮೂದಿಸಿ, ಹೋದ ಮೇಲೆ ಹಾಸಿಗೆ ಕೇಳಿದರಾಯಿತು ಎಂದುಕೊಳ್ಳುತ್ತೇವೆ. ರಿಯಾಯಿತಿ ಕಳೆದು ರೂಮಿನ ಬಾಡಿಗೆ 6,500 ಇದೆ ಎನ್ನಿ. ತೆರಿಗೆ ಸೇರಿ 6,825. ಅದಕ್ಕೆ 1,200ರ ಬೆಡ್ ಸೇರಿದರೆ ಆ ರೂಮಿನ ದಿನದ ಮೊತ್ತ 7,700 ಆಗಿ ಗೆರೆ ದಾಟುತ್ತದೆ, ಬಿಲ್ 9,086ಕ್ಕೆ ಏರುತ್ತದೆ. ಹಾಸಿಗೆಯ ದರ 1,200 ಎಂದು ಬೋರ್ಡಿನಲ್ಲಿದ್ದರೂ ಕೈಯಿಂದ ಹೋಗುವುದು 2,261 ರೂಪಾಯಿ. ಅದೇ ಹೋಟೆಲಿನಲ್ಲಿ 2,100 ರೂಪಾಯಿಗೆ ಇನ್ನೊಂದು ಸಣ್ಣ ರೂಮ್ ಸಿಕ್ಕರೆ ಅದಕ್ಕೆ ತೆರಿಗೆ ಸೇರಿ 2,205. ಗೆರೆಯನ್ನು ಒಂದೊಂದು ರೂಮಿಗೂ ಬೇರೆಯಾಗಿ ನೋಡುವುದರಿಂದ ಹೀಗಾಗುತ್ತದೆ. ಬೆಡ್ಡಿನ ಮೇಲೂ ರಿಯಾಯಿತಿ ಕೊಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸಾಮಾನ್ಯವಾಗಿ ರಿಯಾಯಿತಿ ಬಾಡಿಗೆಗೆ ಮಾತ್ರ ಇರುತ್ತದೆ, ಆದರೆ ಇಲ್ಲಿ 200 ರೂಪಾಯಿ ಬಿಟ್ಟುಕೊಟ್ಟರೂ ಮೊತ್ತ ಸರಿಯಾಗಿ 7,500ಕ್ಕೆ ಇಳಿಯುತ್ತದೆ.

ವಾರಾಂತ್ಯದ ದರವನ್ನೂ ಗಮನಿಸಬೇಕು. ಮೊದಲಿನ ಕುಟುಂಬಕ್ಕೆ ಶನಿವಾರ ರಾತ್ರಿ ಮಾತ್ರ ಬಾಡಿಗೆ 8,000 ಆಗಿದ್ದರೆ, ರಿಯಾಯಿತಿ ಕಳೆದು ಬೆಡ್ ಸೇರಿಸಿದಾಗ ಮತ್ತೆ 8,000. ಆ ಒಂದು ರಾತ್ರಿಗೆ ಶೇ. 18 ತೆರಿಗೆ ಸೇರಿ 9,440, ಉಳಿದ ಎರಡು ರಾತ್ರಿಗೆ ಶೇ. 5ರ ಲೆಕ್ಕವೇ. ಒಟ್ಟು 24,812. ಒಂದು ರಾತ್ರಿ ಗೆರೆ ದಾಟಿತೆಂದು ಮೂರಕ್ಕೂ ಶೇ. 18 ಹಾಕುವಂತಿಲ್ಲ.

ಮುಂಗಡ ರಿಯಾಯಿತಿಯ ದರದಲ್ಲಿ ಬುಕಿಂಗ್ ರದ್ದಾದರೆ ಹಣ ವಾಪಸಿಲ್ಲ ಎಂಬ ಷರತ್ತು ಹೆಚ್ಚಾಗಿ ಇರುತ್ತದೆ. ಹೊರಡುವುದು ಖಚಿತವಿಲ್ಲದವರಿಗೆ ಆ ದರ ಬೇಡ. ಖಚಿತವಿದ್ದವರು ಬುಕ್ ಮಾಡುವಾಗಲೇ ಮೂವರೆಂದು ನಮೂದಿಸಿ, ಬಾಡಿಗೆ, ರಿಯಾಯಿತಿ, ಬೆಡ್, ತೆರಿಗೆ ನಾಲ್ಕನ್ನೂ ದಿನವಾರು ಬಿಡಿಸಿದ ಲೆಕ್ಕ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ತೆರಿಗೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂದು ಎರಡು ಸಾಲಾಗಿ, ಶೇ. 2.5ರಂತೆ ಎರಡು ಬಾರಿ ಅಥವಾ ಶೇ. 9ರಂತೆ ಎರಡು ಬಾರಿ ಇರುತ್ತದೆ. ನೀವು ಗೆರೆಯ ಯಾವ ಬದಿಗೆ ಬಿದ್ದಿದ್ದೀರಿ ಎಂಬುದು ಆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ.